ಹೊಸ ಮನೆಗೆ ಬಂದ ಮೇಲೆ ಬೆಕ್ಕಿನ ನೆಕ್ಕಾಟ

"ಗದಗಿನಿಂದ ಹುಬ್ಬಳ್ಳಿಗೆ ಮನೆ ಬದಲಾಯಿಸಿದ್ದೇವೆ. ಅವತ್ತಿನಿಂದ ನಮ್ಮ ಬೆಕ್ಕು ರಾತ್ರಿ ನನ್ನ ತೋಳು ಬಿಡದೆ ನೆಕ್ಕುತ್ತದೆ. ಚರ್ಮ ಉರಿಯುತ್ತದೆ. ಇದು ಪ್ರೀತಿನಾ, ಗಾಬರಿನಾ?"

ಉರಿ ನೋಡಿ ಏನೂ ಹೇಳೋಕಾಗಲ್ಲ, ಯಾಕೆಂದರೆ ಎರಡಕ್ಕೂ ನಾಲಿಗೆ ಒಂದೇ. ಅದರ ಮೇಲೆ ಗಂಟಲಿನ ಕಡೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಅವುಗಳಲ್ಲೂ ಇದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ತೋರಿಸಿದ್ದು ಇದು: ಪ್ರತಿ ಮುಳ್ಳಿನ ತುದಿ ಚಮಚದ ಹಾಗೆ ಟೊಳ್ಳಾಗಿದೆ. ಬಾಯಲ್ಲಿ ಜೊಲ್ಲು ತಾನಾಗೇ ಅದರೊಳಗೆ ಏರಿಕೊಳ್ಳುತ್ತದೆ, ಆಮೇಲೆ ಕೂದಲಿನ ಬುಡದವರೆಗೂ ಇಳಿಯುತ್ತದೆ. ಕೂದಲು ಗಂಟಾಗಿದ್ದರೆ ಮುಳ್ಳು ಅದಕ್ಕೆ ಸಿಕ್ಕಿ ಎದ್ದು ನಿಂತು ಗಂಟು ಬಿಡಿಸುತ್ತದೆ. ದಟ್ಟ ಕೂದಲಿಗೆ ಅಂತ ಇರುವ ಮುಳ್ಳು ನಮ್ಮ ಬರಿ ತೋಳಿನ ಮೇಲೆ ಓಡಿದರೆ ಉರಿಯದೆ ಇರುತ್ತಾ?

ಒಟ್ಟಿಗೆ ಬಾಳುವ ಬೆಕ್ಕುಗಳು ಒಂದರ ತಲೆ, ಕತ್ತನ್ನು ಇನ್ನೊಂದು ನೆಕ್ಕಿ ಶುಚಿ ಮಾಡುತ್ತವೆ. ನಮ್ಮನ್ನೂ ಆ ಗುಂಪಿಗೆ ಸೇರಿಸಿಕೊಂಡ ಬೆಕ್ಕು ನಮ್ಮ ಕೈಗೂ ಹಾಗೇ ಮಾಡುತ್ತದೆ. ಆಗ ಮೈ ಸಡಿಲವಾಗಿರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲಿಸಿ ಮಲಗುತ್ತದೆ. ಗಾಬರಿಯ ನೆಕ್ಕಾಟ ಬೇರೆ. ಗೇಟಿನ ಸದ್ದೋ ಹೊರಗಿನ ಬೆಕ್ಕಿನ ಕೂಗೋ ಕೇಳಿದ ಕೂಡಲೇ ಶುರುವಾಗುತ್ತದೆ. ಕಿವಿ ಪಕ್ಕಕ್ಕೆ ಬಾಗಿರುತ್ತದೆ, ಕೈ ಎಳೆದುಕೊಂಡರೂ ಹಿಂದೆ ಬರುತ್ತದೆ.

ಧಾರವಾಡದಲ್ಲಿ ನಮ್ಮ ಮಹಡಿ ಮೇಲೆ ಡ್ರಿಲ್ಲಿಂಗ್ ನಡೆದಾಗ ನಮ್ಮ ಬೆಕ್ಕೂ ಹೀಗೇ ಮಾಡಿತ್ತು. ಮೊದಲು ನನ್ನ ಮಣಿಕಟ್ಟು, ಆಮೇಲೆ ತನ್ನದೇ ಹೊಟ್ಟೆ. ಅಲ್ಲಿ ಕೂದಲು ಬುಡಸಮೇತ ಉದುರಿರಲಿಲ್ಲ, ತುಂಡಾಗಿ ಮೊಂಡಾಗಿತ್ತು. ಬೆಕ್ಕು ಚಿಂತೆ ಹಚ್ಚಿಕೊಂಡಿದೆ ಅಂತ ನಾನು ಅಂದುಕೊಂಡರೂ ವೈದ್ಯರು ಮೊದಲು ಚಿಗಟ ನೋಡಿದರು. ಹಣಿಗೆಯಲ್ಲಿ ಬಂದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಉಜ್ಜಿದರು. ಕೆಂಪು ಬಣ್ಣ ಬಿಟ್ಟರೆ ಅದು ರಕ್ತ ಕುಡಿದ ಚಿಗಟದ ಹಿಕ್ಕೆ. ನಮ್ಮದರಲ್ಲಿ ಬಿಡಲಿಲ್ಲ. ಅಲರ್ಜಿ, ನೋವು, ಮೂತ್ರದ ತೊಂದರೆ ಕೂಡ ಇಲ್ಲ ಅಂತ ಖಾತ್ರಿಯಾದ ಮೇಲೇ ಒತ್ತಡ ಅಂದರು. ಈ ಕ್ರಮ ತಪ್ಪಿಸಬೇಡಿ. ಮನಸ್ಸಿನದು ಅಂತ ಬಿಟ್ಟ ಎಷ್ಟೋ ಬೆಕ್ಕುಗಳಿಗೆ ಇರೋದು ಕಡಿತ.

ನಿಮ್ಮದು ಬಹುಶಃ ಹೊಸ ಜಾಗದ ಗಾಬರಿ. ಒಂದು ಕೋಣೆ ಅದಕ್ಕೇ ಬಿಡಿ. ಹಳೇ ಮನೆಯ ಹಾಸಿಗೆ ಬಟ್ಟೆ ತೊಳೆಯದೆ ಅಲ್ಲಿಡಿ, ಅಡಗಲು ರಟ್ಟಿನ ಡಬ್ಬಿ ಕೊಡಿ, ಊಟದ ಹೊತ್ತು ಬದಲಿಸಬೇಡಿ. ನೆಕ್ಕಿದಾಗ ಬೈಯಬೇಡಿ, ಗಾಬರಿ ಜಾಸ್ತಿಯಾಗುತ್ತದೆ. ಸುಮ್ನೆ ಕೈ ತೆಗೆದು ಆಟದ ಸಾಮಾನು ಮುಂದಿಡಿ. ಉಣ್ಣೆ, ದಾರ ಮಾತ್ರ ಬೇಡ. ಹಿಂದಕ್ಕೆ ಬಾಗಿದ ಮುಳ್ಳಿಗೆ ಸಿಕ್ಕ ದಾರ ಉಗುಳೋಕೆ ಕಷ್ಟ, ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು.

ತೋಳಿಗೆ ನೋವಿನ ಮುಲಾಮು ಹಚ್ಚಿದ ದಿನ ನೆಕ್ಕಲು ಬಿಡಬೇಡಿ, ಕೆಲವು ಮುಲಾಮು ಬೆಕ್ಕಿಗೆ ವಿಷ. ಗಾಯದ ಮೇಲೆ ನೆಕ್ಕಿದರೆ ಸೋಪಿನಿಂದ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಹುಚ್ಚುನಾಯಿ ರೋಗದ ಲಸಿಕೆ ಬಗ್ಗೆ ಅವತ್ತೇ ಡಾಕ್ಟರನ್ನು ಕೇಳಿ.