ತಪ್ಪಿದ್ದು ಕಿವಿಯೋ, ಕೈಯೋ? ಫ್ರೆಂಚ್ ಡಿಕ್ಟೇಶನ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಗಳೂರಿನಲ್ಲಿ ನನ್ನ ಹತ್ತಿರ ಬರುವ ಫ್ರೆಂಚ್ ಕಲಿಯುವವರಲ್ಲಿ ಜಾಸ್ತಿ ಜನ ಈಗ ನರ್ಸ್‌ಗಳು. ಕೆನಡಾಕ್ಕೆ ಹೋಗುವ ಯೋಚನೆ ಇರುತ್ತದೆ, ಫ್ರೆಂಚ್ ಗೊತ್ತಿದ್ದರೆ ಅರ್ಜಿಗೆ ಹೆಚ್ಚು ಅಂಕ ಸಿಗುತ್ತದೆ, ಅದಕ್ಕೆ ಟಿಸಿಎಫ್ ಕೆನಡಾ ಪರೀಕ್ಷೆ. ಅವರ ದೂರು ಯಾವಾಗಲೂ ಒಂದೇ: "ಓದಿದ್ರೆ ಗೊತ್ತಾಗ್ತದೆ ಮೇಡಂ, ಕೇಳಿದ್ರೆ ಎಂತದೂ ಗೊತ್ತಾಗುದಿಲ್ಲ." ಅದರ ಬೆನ್ನಿಗೇ ಎರಡನೆಯ ದೂರು: "ಬರೆಯುವಾಗ ಸ್ಪೆಲಿಂಗ್ ಎಲ್ಲ ತಪ್ಪು." ಇವೆರಡೂ ಬೇರೆ ಬೇರೆ ತೊಂದರೆ ಎಂದುಕೊಂಡು ಇವರು ಎರಡಕ್ಕೂ ಬೇರೆ ಬೇರೆ ಪುಸ್ತಕ ಕೊಳ್ಳುತ್ತಾರೆ. ಫ್ರೆಂಚ್‌ನಲ್ಲಿ ಮಾತ್ರ ಈ ಎರಡು ತೊಂದರೆಗಳ ಬೇರು ಒಂದೇ ಕಡೆ ಇದೆ. ಬರೆದ ಅಕ್ಷರ ಬಾಯಲ್ಲಿ ಬರುವುದಿಲ್ಲ, ಬಾಯಲ್ಲಿ ಬಂದ ಸದ್ದು ಒಂದು ಪದಕ್ಕೆ ಸೇರಿದ್ದೋ ಮುಂದಿನದಕ್ಕೋ ತಿಳಿಯುವುದಿಲ್ಲ.

ಉಡುಪಿ ಕಡೆಯ ಈ ಹುಡುಗಿಯೂ ನರ್ಸ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್. ಡಿಕ್ಟೇಶನ್ ಮಾಡಿದರೆ ಕೇಳುವುದೂ ಸ್ಪೆಲಿಂಗೂ ಒಟ್ಟಿಗೆ ಸುಧಾರಿಸುತ್ತದೆ ಎಂದು ಯಾರೋ ಹೇಳಿದ್ದರು. ನೈಟ್ ಡ್ಯೂಟಿ ಮುಗಿಸಿ ಬಂದು ದಿನಾ ಒಂದು ಪುಟ ಬರೆಯುತ್ತಿದ್ದಳು. ನನ್ನ ಮುಂದೆ ಇಟ್ಟ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಂಖ್ಯೆ. ಅದು ಆ ದಿನದ ತಪ್ಪುಗಳ ಲೆಕ್ಕ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಆ ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ. "ನನ್ನ ತಲೆಗೆ ಇದು ಹತ್ತುದಿಲ್ಲ ಅಂತ ಕಾಣ್ತದೆ ಮೇಡಂ" ಎಂದಳು.

ತಲೆಯ ವಿಷಯ ಆಮೇಲೆ ನೋಡೋಣ, ಮೊದಲು ಒಂದು ವಾಕ್ಯ ಬರೀರಿ ಎಂದೆ. ಮಕ್ಕಳು ನಿನ್ನೆ ಸಂಜೆ ಬಂದರು, ಗೆಳೆಯರ ಜೊತೆ ಊಟ ಮಾಡಿದರು ಎಂಬ ಅರ್ಥದ ಸಾಧಾರಣ ವಾಕ್ಯ. ಫ್ರೆಂಚ್‌ನಲ್ಲಿ ಮಾತಾಡುವ ವೇಗದಲ್ಲಿ ಅದು ಹೀಗೆ ಕೇಳಿಸುತ್ತದೆ: ಲೆಝಾಂಫಾಂ ಸೋಂತಾರಿವೇ ಇಯೆರ್ ಸ್ವಾರ್ ಎ ಇಲ್‌ಝೋಂ ಮಾಂಜೇ ಆವೆಕ್ ಲೆರ್‌ಝಾಮಿ.

ಅವಳು ಬರೆದದ್ದರಲ್ಲಿ ಮೂರು ತಪ್ಪು. "ಬಂದರು" ಎನ್ನುವ ಆರಿವೇ ಪದದ ಕೊನೆಗೆ ಎಸ್ ಇಲ್ಲ. ಇಲ್‌ಝೋಂ ಇರಬೇಕಾದಲ್ಲಿ ಇಲ್ ಸೋಂ ಎಂದು ಬರೆದಿದ್ದಳು. "ತಮ್ಮ" ಎನ್ನುವ ಲೆರ್ ಪದದ ಕೊನೆಗೂ ಎಸ್ ಇಲ್ಲ. ಅವಳ ಲೆಕ್ಕದಲ್ಲಿ ಕೆಂಪು ಇಂಕಿನ ಮೂರು, ಅಷ್ಟೇ.

ಆಗ ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿದೆ. "ಈ ಸಲ ಸ್ಪೆಲಿಂಗ್ ಮರೆತುಬಿಡಿ. ಕಿವಿಗೆ ಬಿದ್ದದ್ದನ್ನು ಹಾಗೇ ಕನ್ನಡದಲ್ಲಿ ಬರೀರಿ."

ಅವಳಿಗೆ ಸ್ವಲ್ಪ ಸಂಕೋಚ. ಕ್ಲಾಸಿನಲ್ಲಿ ಹಾಗೆ ಬರೆದರೆ ಬೈತಾರೆ ಎಂದಳು. ಬೈಯುವುದು ಸರಿಯೇ, ಇವತ್ತು ಒಂದು ದಿನ ಪರವಾಗಿಲ್ಲ ಎಂದೆ. ಬರೆದಳು: "ಲೆಜಾಂಫಾಂ ಸೊಂತಾರಿವೇ ಇಯೆರ್ ಸ್ವಾರ್ ಎ ಇಲ್ ಸೋಂ ಮಾಂಜೇ ಆವೆಕ್ ಲೆರ್ ಜಾಮಿ."

ನಾನು ಕೊನೆಯ ಪದದ ಮೇಲೆ ಬೆರಳಿಟ್ಟೆ. "ಗೆಳೆಯನಿಗೆ ಫ್ರೆಂಚ್‌ನಲ್ಲಿ ಎಂತ ಹೇಳ್ತಾರೆ?"

"ಆಮಿ."

"ಮತ್ತೆ ಈ ಜಾಮಿ ಎಲ್ಲಿಂದ ಬಂತು?"

ಅವಳು ಆ ಪದವನ್ನೇ ನೋಡುತ್ತಾ ಕುಳಿತಳು. ಆಮೇಲೆ ತನ್ನ ಫ್ರೆಂಚ್ ವಾಕ್ಯ ನೋಡಿದಳು, ಮತ್ತೆ ಕನ್ನಡದ್ದನ್ನು ನೋಡಿದಳು. "ಆ ಜ ಅಂದ್ರೆ ಎಸ್ಸಾ? ಲೆರ್‌ದು? ಹಾಗಾದ್ರೆ ನಂಗೆ ಕೇಳಿದೆ ಅಲ್ವಾ ಮೇಡಂ!"

ಕೇಳಿದೆ. ಫ್ರೆಂಚ್‌ನಲ್ಲಿ ಪದದ ಕೊನೆಯ ಎಸ್ ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಮಾತ್ರ, ಇಂಥ ಜಾಗದಲ್ಲಿ, ಅದಕ್ಕೆ ಜೀವ ಬಂದು ಇಂಗ್ಲಿಷ್ ಝಡ್‌ನ ಝ ಆಗಿ ಆ ಪದಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ಲಿಯೇಝೋಂ ಎನ್ನುತ್ತಾರೆ. ಗೆಳೆಯ ಒಬ್ಬನೇ ಆಗಿದ್ದರೆ ಲೆರಾಮಿ ಎಂದು ಕೇಳಿಸುತ್ತಿತ್ತು. ಲೆರ್‌ಝಾಮಿ ಕೇಳಿಸಿತು ಎಂದರೆ ಬಹುವಚನ, ಲೆರ್‌ಗೆ ಎಸ್ ಹಾಕಲೇಬೇಕು. ಅವಳ ಕಿವಿ ಈ ಸುಳಿವನ್ನು ಹಿಡಿದಿತ್ತು. ಅದನ್ನು ಎಸ್ ಎಂದು ಬರೆಯಬೇಕು ಎನ್ನುವುದು ಕೈಗೆ ಗೊತ್ತಿರಲಿಲ್ಲ.

ಎರಡನೆಯ ತಪ್ಪು ಇದಕ್ಕೆ ತಿರುಗುಮುರುಗು. ಇಲ್‌ಝೋಂ ಮಾಂಜೇ ಎಂದರೆ "ಅವರು ತಿಂದರು". ಇಲ್ ಸೋಂ ಮಾಂಜೇ ಎಂದರೆ "ಅವರನ್ನು ತಿನ್ನಲಾಗಿದೆ". ಅವಳ ವಾಕ್ಯದಲ್ಲಿ ಸಂಜೆ ಬಂದ ಮಕ್ಕಳನ್ನೇ ಯಾರೋ ತಿಂದುಬಿಟ್ಟ ಹಾಗಾಗಿತ್ತು! ಝ ಮತ್ತು ಸ, ಅಷ್ಟೇ ವ್ಯತ್ಯಾಸ. ಕನ್ನಡ, ತುಳುವಿನಲ್ಲಿ ಬೆಳೆದ ಕಿವಿಗೆ ಝ ಬೇರೆ ಸದ್ದಾಗಿ ಕೇಳಿಸುವುದಿಲ್ಲ, ಒಂದೋ ಜ ಆಗುತ್ತದೆ ಇಲ್ಲವೇ ಸ ಆಗುತ್ತದೆ. ಇದು ನಿಜವಾಗಿ ಕಿವಿಯ ತಪ್ಪು. ವ್ಯಾಕರಣ ಪುಸ್ತಕ ಎಷ್ಟು ಓದಿದರೂ ಇದು ಹೋಗುವುದಿಲ್ಲ, ಆ ಎರಡು ಸದ್ದುಗಳನ್ನು ಅಕ್ಕಪಕ್ಕ ಇಟ್ಟು ಕೇಳಬೇಕು.

ಮೂರನೆಯದು, ಆರಿವೇ ಕೊನೆಯ ಎಸ್. ಇದನ್ನು ಫ್ರೆಂಚರೂ ಕಿವಿಯಿಂದ ಕಂಡುಹಿಡಿಯಲಾರರು, ಏಕೆಂದರೆ ಅಲ್ಲಿ ಸದ್ದೇ ಇಲ್ಲ. "ಬಂದರು" ಎನ್ನುವ ಈ ಕ್ರಿಯಾಪದದ ಭೂತಕಾಲಕ್ಕೆ "ಇರು" ಎನ್ನುವ ಎತ್ರ್ ಸಹಾಯಕ ಕ್ರಿಯಾಪದವಾಗಿ ಬರುತ್ತದೆ, ಆಗ ಪದದ ಕೊನೆ ಕರ್ತೃವಿಗೆ ಹೊಂದಬೇಕು, ಬಂದದ್ದು ಮಕ್ಕಳು, ಅಂದರೆ ಬಹುವಚನ. ಇದು ಪೂರ್ತಿ ತಲೆಯಲ್ಲಿ ಆಗುವ ಕೆಲಸ. ಇದಕ್ಕಾಗಿ ಆಡಿಯೋವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳುವುದು ಸುಮ್ನೆ ದಂಡ. ಅವಳು ರಾತ್ರಿಯ ನಿದ್ದೆ ಬಿಟ್ಟು ಮಾಡುತ್ತಿದ್ದದ್ದು ಅದನ್ನೇ.

ಒಂದೇ ವಾಕ್ಯ, ಮೂರು ಕೆಂಪು ಗುರುತು, ಮೂರಕ್ಕೂ ಬೇರೆ ಬೇರೆ ಕಾರಣ. ಹಾಗಾಗಿ ಪುಟದ ಕೆಳಗೆ ತಪ್ಪುಗಳ ಲೆಕ್ಕ ಬರೆಯುವುದನ್ನು ಅವತ್ತೇ ನಿಲ್ಲಿಸಲು ಹೇಳಿದೆ. ಫ್ರೆಂಚರಲ್ಲೇ ಈ ಲೆಕ್ಕದ ಹುಚ್ಚು ಹಳೆಯದು. 1857ರಲ್ಲಿ ಮೆರಿಮೇ ಎಂಬ ಲೇಖಕ ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಆಸ್ಥಾನದಲ್ಲಿ ಒಂದು ಡಿಕ್ಟೇಶನ್ ಕೊಟ್ಟಾಗ ಚಕ್ರವರ್ತಿಯೇ 75 ತಪ್ಪು ಮಾಡಿದ ಎಂಬ ಕಥೆ ಇಂದಿಗೂ ಅಲ್ಲಿ ಚಾಲ್ತಿಯಲ್ಲಿದೆ. ಹುಟ್ಟಿನಿಂದ ಫ್ರೆಂಚ್ ಕೇಳಿದವನಿಗೆ ಆ ತಪ್ಪುಗಳು ಕಿವಿಯಿಂದ ಬಂದವಲ್ಲ. ನಮ್ಮವರ 75ರಲ್ಲಿ ಎಷ್ಟು ಕಿವಿಯದು, ಎಷ್ಟು ಕೈಯದು ಎಂದು ಬಿಡಿಸಿ ನೋಡದಿದ್ದರೆ ಆ ಸಂಖ್ಯೆಯಿಂದ ಕಣ್ಣೀರು ಬಿಟ್ಟು ಬೇರೇನೂ ಬರುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಒಂದು ಪುಟ ಬೇಡ, ಅರ್ಧ ನಿಮಿಷದ ಆಡಿಯೋ ಸಾಕು. ಅದರ ಬರಹ ಕೈಯಲ್ಲಿರಲೇಬೇಕು. ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಹತ್ತು ನಿಮಿಷದ್ದು, ಬರಹವೂ ಜೊತೆಗೇ ಸಿಗುತ್ತದೆ, ಅದರಿಂದ ಒಂದು ತುಂಡು ತೆಗೆದುಕೊಂಡರೂ ಆಯ್ತು. ಮೊದಲು ಪೆನ್ ಮುಟ್ಟದೆ ಪೂರ್ತಿ ಕೇಳಿ. ಯಾರು, ಎಲ್ಲಿ, ಏನಾಯಿತು ಎಂಬಷ್ಟೂ ತಿಳಿಯದಿದ್ದರೆ ಆ ತುಂಡು ನಿಮಗೆ ಜಾಸ್ತಿ ಕಷ್ಟದ್ದು, ಬಿಟ್ಟುಬಿಡಿ. ತಿಳಿದರೆ ಉಸಿರು ನಿಲ್ಲುವಲ್ಲಿ ನಿಲ್ಲಿಸಿ, ಕೇಳಿದ ಅಷ್ಟನ್ನೂ ಒಮ್ಮೆ ಬಾಯಲ್ಲಿ ಹೇಳಿ, ಆಮೇಲೆ ಬರೆಯಿರಿ. ಪದ ಪದಕ್ಕೆ ನಿಲ್ಲಿಸಬಾರದು. ನಿಲ್ಲಿಸಿದರೆ ಲಿಯೇಝೋಂ ಕತ್ತರಿಸಿ ಹೋಗುತ್ತದೆ, ನಾವು ಹಿಡಿಯಬೇಕಾದದ್ದೇ ಅದು.

ಬರೆದಾದ ಮೇಲೆ ಸದ್ದು ಬಂದ್ ಮಾಡಿ. ಈಗ ಕೈಯ ಕೆಲಸ. ಪ್ರತಿ ಕ್ರಿಯಾಪದಕ್ಕೆ "ಯಾರು?" ಎಂದು ಕೇಳಿ. ಏ ಎಂದು ಮುಗಿಯುವ ಮಾಂಜೇ ತರಹದ ಪದ ಬಂದರೆ ಅದರ ಜಾಗದಲ್ಲಿ "ಮಾರು" ಎನ್ನುವ ಕ್ರಿಯಾಪದ ಇಟ್ಟು ನೋಡಿ. ಅದರ ಮೂಲ ರೂಪ ವಾಂದ್ರ್ ಹೊಂದಿದರೆ ಕೊನೆಗೆ ಇ-ಆರ್, ಭೂತಕಾಲದ ರೂಪ ವಾಂದ್ಯು ಹೊಂದಿದರೆ ಮೇಲೆ ಗೀಟು ಹಾಕಿದ ಇ. ಫ್ರಾನ್ಸಿನ ಶಾಲೆಮಕ್ಕಳೂ ಮಾಡುವ ಉಪಾಯ ಇದು. ಇಷ್ಟು ಮಾಡಿದ ಮೇಲೆಯೇ ಮೂಲ ಬರಹ ತೆರೆಯಿರಿ.

ತಪ್ಪು ಕಂಡಲ್ಲಿ ಪಕ್ಕದಲ್ಲಿ "ಕಿ" ಅಥವಾ "ಕೈ" ಎಂದು ಬರೆಯಿರಿ. ಯಾವುದು ಎಂದು ಹೇಗೆ ತಿಳಿಯುವುದು? ನೀವು ಬರೆದದ್ದನ್ನು ಜೋರಾಗಿ ಓದಿ. ಮೂಲದ ಹಾಗೆಯೇ ಕೇಳಿಸಿದರೆ ತಪ್ಪು ಕೈಯದು, ಬೇರೆ ಕೇಳಿಸಿದರೆ ಕಿವಿಯದು. ಲೆರ್‌ಝಾಮಿಯಂಥ ಜಾಗದಲ್ಲಿ ಮಾತ್ರ ಎಚ್ಚರ. ಎಸ್ ಬರೆಯದೆ ಬಿಟ್ಟು, ಓದುವಾಗ ಅಭ್ಯಾಸಬಲದಿಂದ ಝ ಸೇರಿಸಿಕೊಂಡು ಓದುತ್ತೇವೆ. ಕಿವಿಯ ತಪ್ಪಿದ್ದ ಜಾಗಗಳನ್ನಷ್ಟೇ ಬರಹ ನೋಡುತ್ತಾ ಮತ್ತೆ ಕೇಳಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಅದೇ ತುಂಡನ್ನು ಮೂರು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ.

ಕನ್ನಡದಲ್ಲಿ ಬರೆಸಿದ ವಿಷಯ ಕೇಳಿ ಅವಳ ಕ್ಲಾಸಿನವರಿಗೆ ಸಮಾಧಾನವಾಗಲಿಲ್ಲವಂತೆ. ಅವರ ಆತಂಕ ನ್ಯಾಯವಾದದ್ದು. ಬೀದಿ ಎನ್ನುವ ಫ್ರೆಂಚ್ ಪದ, ಚಕ್ರ ಎನ್ನುವ ಫ್ರೆಂಚ್ ಪದ, ಎರಡನ್ನೂ ಕನ್ನಡದಲ್ಲಿ ಬರೆದರೆ "ರೂ" ಎಂದೇ ಆಗುತ್ತದೆ. ಫ್ರೆಂಚ್‌ನಲ್ಲಿ ಅವು ಬೇರೆ ಬೇರೆ ಸ್ವರ. ದಿನಾ ಹೀಗೆ ಬರೆದರೆ ಇಂಥ ವ್ಯತ್ಯಾಸಗಳೆಲ್ಲ ಸತ್ತುಹೋಗುತ್ತವೆ. ನಾನು ಅದನ್ನು ಮಾಡಿಸಿದ್ದು ಒಂದೇ ಸಲ, ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವುದಕ್ಕೆ. "ನನಗೆ ಏನೂ ಕೇಳಿಸುವುದೇ ಇಲ್ಲ" ಎಂದು ನಂಬಿ ಕೂತವರಿಗೆ, ಕೇಳಿಸಿದೆ ಎನ್ನುವುದನ್ನು ಅವರ ಕೈಬರಹದಲ್ಲೇ ತೋರಿಸದೆ ಮುಂದಿನ ಯಾವ ಸಲಹೆಯೂ ಒಳಗೆ ಇಳಿಯುವುದಿಲ್ಲ. ಇನ್ನೊಬ್ಬರು ಅದೇ ಸ್ಥಿತಿಯಲ್ಲಿ ಬಂದರೆ ಇನ್ನೊಮ್ಮೆ ಹಾಗೇ ಮಾಡುತ್ತೇನೆ.

"ಪರೀಕ್ಷೆಯಲ್ಲಿ ಡಿಕ್ಟೇಶನ್ನೇ ಇಲ್ಲ, ಮತ್ತೆ ಯಾಕೆ?" ಎಂದೂ ಕೆಲವರು ಕೇಳುತ್ತಾರೆ. ಇಲ್ಲ, ನಿಜ. ಟಿಸಿಎಫ್ ಕೆನಡಾದ ಕೇಳುವ ಭಾಗದಲ್ಲಿ 35 ನಿಮಿಷಕ್ಕೆ 39 ಪ್ರಶ್ನೆ, ಆಡಿಯೋ ಒಂದೇ ಸಲ. ತಿಂದದ್ದು ಯಾರು, ತಿನ್ನಿಸಿಕೊಂಡದ್ದು ಯಾರು ಎಂದು ಆ ಒಂದೇ ಸಲದಲ್ಲಿ ತಿಳಿಯಬೇಕಾದರೆ ಝ ಮತ್ತು ಸ ಮೊದಲೇ ಬೇರೆಯಾಗಿ ಕೇಳಿಸುತ್ತಿರಬೇಕು. ಇನ್ನೊಂದು ಕಡೆ, ಗೊತ್ತಿಲ್ಲದ ಪದವನ್ನು ಬಿಟ್ಟು ಮುಂದೆ ಓಡುವ ಅಭ್ಯಾಸವನ್ನು ಡಿಕ್ಟೇಶನ್ ಕಲಿಸುವುದಿಲ್ಲ. ಒಂದು ಪದದಲ್ಲಿ ಸಿಕ್ಕಿಬೀಳುವ ಚಟವನ್ನೂ ಅದು ಹತ್ತಿಸಬಹುದು.

ಕೆಲವು ವಾರಗಳ ನಂತರ ಅವಳು ನೋಟ್‌ಬುಕ್ ತಂದು ತೋರಿಸಿದಳು. "ಕಿ" ಗುರುತುಗಳು ವಿರಳವಾಗಿದ್ದವು, ಉಳಿದವು ಹೆಚ್ಚಾಗಿ ಅನುನಾಸಿಕ ಸ್ವರಗಳಲ್ಲಿ, ಸ್ನಾನದ ಬ್ಯಾಂ ಮತ್ತು ಬೆಂಚಿನ ಬಾಂ ತರಹದ ಜೋಡಿಗಳಲ್ಲಿ. "ಕೈ" ಮಾತ್ರ ಇನ್ನೂ ಧಾರಾಳ. ಹಾಗಾಗಿ ಹೊಸ ಆಡಿಯೋ ವಾರಕ್ಕೆ ಎರಡೇ ಸಾಕು, ಉಳಿದ ದಿನ ಹಳೆಯ ಬರಹಗಳಲ್ಲಿ ಕ್ರಿಯಾಪದದ ಕೊನೆ ತಿದ್ದುವ ಕೆಲಸ ಮಾಡಿ ಎಂದೆ. ಪರೀಕ್ಷೆಗೆ ಒಂದು ತಿಂಗಳು ಇರುವಾಗ ಡಿಕ್ಟೇಶನ್ ಪೂರ್ತಿ ನಿಲ್ಲಿಸಿ, ಒಂದೇ ಸಲ ಕೇಳಿ ಉತ್ತರ ಬರೆಯುವ ಅಭ್ಯಾಸಕ್ಕೆ ಬರಬೇಕು ಎಂದೂ ಹೇಳಿದ್ದೇನೆ. ಆ ದಿನಾಂಕವನ್ನು ಅವಳು ನನ್ನ ಮುಂದೆಯೇ ಡ್ಯೂಟಿ ಚಾರ್ಟಿನ ಮೇಲೆ ಬರೆದುಕೊಂಡಳು.