ಪಕ್ಕದಿಂದ ತೆಗೆದ ಒಂದು ಫೋಟೋದಿಂದ ಹಳೇ ಪಲ್ಸರ್ ಯಾವ ವರ್ಷದ್ದು ಅಂತ ಹೇಳೋದು

ಪ್ರಶ್ನೆ: ಚಿಂತಾಮಣಿಯಲ್ಲಿ ಒಬ್ಬರು ಹಳೇ ಪಲ್ಸರ್ ಮಾರ್ತಿದ್ದಾರೆ. 2008ರ ಮಾಡೆಲ್, 28 ಸಾವಿರ ಅಂತಾರೆ. ಪಕ್ಕದಿಂದ ತೆಗೆದ ಈ ಒಂದೇ ಫೋಟೋ ಕಳಿಸಿದ್ದಾರೆ, ನಂಬರ್ ಪ್ಲೇಟ್ ಕಾಣ್ತಿಲ್ಲ. ಇದು ಯಾವ ಮಾಡೆಲ್, ನಿಜವಾಗಲೂ 2008ರದ್ದೇನಾ?

ಇದು 2008ರ ಗಾಡಿ ಅಲ್ಲ ಅನ್ನಿಸುತ್ತೆ. ಫೋಟೋದಲ್ಲಿ ಕಾಣೋದನ್ನೆಲ್ಲ ಕೂಡಿಸಿದರೆ 2005 ಅಥವಾ 2006ರಲ್ಲಿ ತಯಾರಾದ ಪಲ್ಸರ್ ಡಿಟಿಎಸ್‌ಐ. ಬಹುಶಃ 150, ಆದರೆ 180 ಅಲ್ಲ ಅಂತ ಈ ಫೋಟೋ ನೋಡಿ ಹೇಳಲಾರೆ. ಕೋಲಾರದಲ್ಲಿ ಹದಿನೆಂಟು ವರ್ಷದಿಂದ ಬೈಕ್ ರಿಪೇರಿ ಮಾಡ್ತಿದ್ದೀನಿ, ಕೈಗೆ ಸಿಕ್ಕ ಗಾಡಿಗಳಲ್ಲಿ ಪಲ್ಸರ್ ಲೆಕ್ಕವಿಲ್ಲದಷ್ಟು. ಹೇಗೆ ಹೇಳಿದೆ ಅನ್ನೋದನ್ನ ಬಿಡಿಸಿ ಬರೀತೀನಿ, ಮುಂದಿನ ಸಲ ಬೇರೆ ಫೋಟೋ ಬಂದರೆ ನೀವೇ ನೋಡಿಕೊಳ್ಳಬಹುದು.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಹಳೇ ಬೈಕಿಗೆ ಹೊಸ ಪಾರ್ಟ್ ಹಾಕೋದು ದಿನಾ ನಡೆಯೋ ಕೆಲಸ. ಬಿದ್ದು ಹೆಡ್‌ಲೈಟ್ ಸುತ್ತಲಿನ ಡೂಮ್ ಒಡೆದರೆ ಅಂಗಡಿಯಲ್ಲಿ ಸಿಗೋದು ಹೊಸ ಮಾಡೆಲಿನದು, ಸ್ಟಿಕ್ಕರ್ ಹರಿದರೆ ಹುಡುಗರು ಅಂಟಿಸೋದು ಈಚಿನ ಡಿಸೈನ್. ಹೊಸ ಬೈಕಿಗೆ ಹುಡುಕಿಕೊಂಡು ಹೋಗಿ ಹಳೇ ಪಾರ್ಟ್ ಹಾಕೋರು ತುಂಬ ಕಮ್ಮಿ. ಹಾಗಾಗಿ ಫೋಟೋದಲ್ಲಿ ಹೊಸದಾಗಿ ಕಾಣೋದನ್ನ ನೋಡಿ ವರ್ಷ ಹೇಳಬಾರದು. ಗಾಡಿ ಮೇಲೆ ಉಳಿದಿರೋ ಅತಿ ಹಳೇ ಗುರುತು ಯಾವುದು ಅಂತ ಹುಡುಕಬೇಕು. ಆ ಗುರುತು ಕಂಪನಿಯಿಂದ ಬರೋದು ಯಾವಾಗ ನಿಂತಿತೋ, ಗಾಡಿ ಹೆಚ್ಚುಕಮ್ಮಿ ಅದಕ್ಕಿಂತ ಮುಂಚಿನದು. ಗುಜರಿ ಪಾರ್ಟ್ ಹಾಕಿ ಕಟ್ಟಿದ ಗಾಡಿಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತೆ.

ಈಗ ಪಲ್ಸರ್ ಹೇಗೆ ಬದಲಾಯ್ತು ಅಂತ ಸ್ವಲ್ಪ ನೋಡೋಣ. 2001ರ ಕೊನೆಗೆ ಬಂದ ಮೊದಲ ಪಲ್ಸರಿಗೆ ದುಂಡನೆ ಹೆಡ್‌ಲೈಟು, 18 ಇಂಚಿನ ಚಕ್ರ. 2003ರಲ್ಲಿ ಎರಡು ಸ್ಪಾರ್ಕ್ ಪ್ಲಗ್ ಇರೋ ಡಿಟಿಎಸ್‌ಐ ಎಂಜಿನ್ ಬಂತು. ಅದರ ಜೊತೆಗೇ ಹೆಡ್‌ಲೈಟ್ ಸುತ್ತ ನಾವು ಡೂಮ್ ಅನ್ನೋ ಮೂತಿ ಬಂತು. 2005ರ ಹೊತ್ತಿಗೆ ಚಕ್ರ 17 ಇಂಚಿನ ಅಲಾಯ್ ಆಯ್ತು, ಗಾಡಿ ಒಂದು ಚೂರು ಕೆಳಗಿಳೀತು, ಹಿಂದಿನ ಶಾಕಿಗೆ ಗ್ಯಾಸ್ ಬಂತು. 2006ರ ಕೊನೆಗೆ ದೊಡ್ಡ ಬದಲಾವಣೆ: ಹಿಂದೆ ಉದ್ದುದ್ದಕ್ಕೆ ಎರಡು ಗೆರೆಯ ಎಲ್‌ಇಡಿ ದೀಪ, ಡಿಜಿಟಲ್ ಮೀಟರ್, ತಾನಾಗಿ ಆಫ್ ಆಗೋ ಇಂಡಿಕೇಟರ್, ಹಿಂದಕ್ಕೆ ಹೋಗ್ತಾ ಚೂಪಾಗೋ ಸೈಡ್ ಪ್ಯಾನೆಲ್. 2009ರಲ್ಲಿ 150ರ ಟ್ಯಾಂಕಿನ ಎರಡೂ ಪಕ್ಕ ರೆಕ್ಕೆ ಥರದ ತುಂಡುಗಳು ಬಂದವು, 180ಕ್ಕೆ ಎರಡು ಭಾಗದ ಸೀಟು ಬಂತು.

ಇದನ್ನಿಟ್ಟುಕೊಂಡು ನಿಮ್ಮ ಫೋಟೋ ನೋಡಿ. ಡೂಮ್ ಇದೆ, ಅಂದರೆ 2003ರ ಈಚೆಗಿನದು. ಚಕ್ರ ಅಲಾಯ್. ಆದರೆ ಅಲಾಯ್ ನೋಡಿದ ತಕ್ಷಣ 2005 ಅನ್ನಬೇಡಿ, ಯಾರು ಬೇಕಾದರೂ ಆಮೇಲೆ ಹಾಕಿಸಬಹುದು. ಫೋಟೋ ದೊಡ್ಡದು ಮಾಡಿ ಹಿಂದಿನ ಟೈರಿನ ಪಕ್ಕ ನೋಡಿ. ಮಸುಕಾಗಿದ್ದರೂ ಕೊನೆಗೆ 17 ಅಂತ ಓದೋಕೆ ಬರುತ್ತೆ. ಹಿಂದಿನ ಶಾಕಿಗೆ ಅಂಟಿಕೊಂಡ ಸಣ್ಣ ಡಬ್ಬಿ ಕೂಡ ಕಾಣ್ತಿದೆ, ಅದು ಗ್ಯಾಸಿನದು. ಚಕ್ರ, ಶಾಕು ಎರಡೂ ಒಂದೇ ಕಾಲದ್ದು ಅಂತ ಸಾಕ್ಷಿ ಹೇಳೋದರಿಂದ, ಗಾಡಿ 2005ರ ಆಸುಪಾಸಿಗೆ ಬಂತು ಅಂತ ಒಪ್ಪಬಹುದು.

ಇಲ್ಲಿಂದ ಮುಂದೆ 2008 ಅನ್ನೋ ಮಾತು ನಿಲ್ಲಲ್ಲ. ಮುಂದಿನ ಚಕ್ರದ ನಡುವೆ ಹಬ್ ಹತ್ತಿರ ನೋಡಿ. ಅಲ್ಲಿಂದ ದಪ್ಪನೆಯ ಒಂದು ಕಪ್ಪು ಕೇಬಲ್ ಫೋರ್ಕ್ ಪಕ್ಕದಲ್ಲೇ ಮೇಲಕ್ಕೆ ಹೋಗಿ ಡೂಮ್ ಒಳಗೆ ಸೇರ್ತಿದೆ. ಅದು ಸ್ಪೀಡೋಮೀಟರ್ ಕೇಬಲ್. ಚಕ್ರ ತಿರುಗಿದಂತೆ ಒಳಗಿನ ತಂತಿ ತಿರುಗಿ ಮೀಟರಿನ ಮುಳ್ಳು ಓಡಿಸುತ್ತೆ. 2006ರ ಕೊನೆಗೆ ಬಂದ ಡಿಜಿಟಲ್ ಮೀಟರಿಗೆ ಈ ಕೇಬಲ್ ಬೇಕಿಲ್ಲ, ಅದು ಸೆನ್ಸರಿನಿಂದ ಕೆಲಸ ಮಾಡೋದು. ಡಿಜಿಟಲ್ ಮೀಟರ್ ತೆಗೆದು ಮುಳ್ಳಿನ ಮೀಟರ್ ಹಾಕಬೇಕಂದರೆ ಹಬ್ ಒಳಗಿನ ಗೇರಿನಿಂದ ಹಿಡಿದು ವೈರಿಂಗ್‌ವರೆಗೆ ಬದಲಾಯಿಸಬೇಕು. ಅಷ್ಟು ಖರ್ಚು ಮಾಡಿ ಹಿಂದಕ್ಕೆ ಹೋಗೋರನ್ನ ನಾನು ನೋಡಿಲ್ಲ. ಹಾಗಾಗಿ ಈ ಒಂದು ಕೇಬಲ್ಲಿನ ಮೇಲೇ ನನಗೆ ಹೆಚ್ಚು ನಂಬಿಕೆ.

ಇಂಡಿಕೇಟರ್ ಗಾಜು ಕಿತ್ತಳೆ ಬಣ್ಣದ್ದಿದೆ, 2006ರ ಕೊನೆಯ ಮಾಡೆಲಿಂದ ಬಿಳಿ ಗಾಜು, ಒಳಗೆ ಕಿತ್ತಳೆ ಬಲ್ಬು. ಇಂಡಿಕೇಟರ್ ಬದಲಾಗೋದು ಜಾಸ್ತಿ, ಅದೊಂದನ್ನೇ ನಂಬೋಕಾಗಲ್ಲ. ಆದರೆ ಹಿಂಭಾಗ ನೋಡಿ: ಸೀಟಿನ ಹಿಂದಿನ ತುದಿ ಚೂಪಾಗಿ ಮೇಲೇಳದೆ ಮೊಂಡಾಗಿ ಮುಗಿದಿದೆ, ದೀಪ ಅಡ್ಡಕ್ಕೆ ಅಗಲವಾಗಿ ಉಬ್ಬಿದೆ. ಕೇಬಲ್, ಇಂಡಿಕೇಟರ್, ಬಾಲ ಮೂರೂ ಒಂದೇ ಮಾತು ಹೇಳ್ತಿವೆ.

ನಿಮ್ಮನ್ನ ದಾರಿ ತಪ್ಪಿಸಿರಬಹುದಾದ್ದು ಟ್ಯಾಂಕಿನ ಮೇಲೆ ಉಬ್ಬಾಗಿ ಹೊಳೀತಿರೋ ಹೆಸರು. ಅದು ಈಚಿನ ಗಾಡಿಗಳದ್ದು. ಟ್ಯಾಂಕಿಗೆ ರೆಕ್ಕೆ ಇಲ್ಲದೆ ಹೆಸರು ಮಾತ್ರ ಹೊಸದಿರೋದೇ ಆಮೇಲೆ ಅಂಟಿಸಿದ್ದು ಅನ್ನೋದಕ್ಕೆ ಗುರುತು. ನನ್ನ ಹತ್ತಿರವೇ ಒಂದು ಸಲ ಬಂಗಾರಪೇಟೆಯಿಂದ ಒಬ್ಬ ಹುಡುಗ ಟ್ಯಾಂಕ್, ಡೂಮ್, ಹಿಂದಿನ ದೀಪ ಎಲ್ಲ 2009ರದ್ದಿರೋ ಗಾಡಿ ತಂದಿದ್ದ. ಟೊಮೆಟೊ ಮಂಡಿಯಲ್ಲಿ ಕೂಲಿ ಮಾಡಿ ಕೂಡಿಸಿದ ದುಡ್ಡು ಕೊಟ್ಟು ತಗೊಂಡಿದ್ದ. ಮೀಟರ್ ಓಡ್ತಿಲ್ಲ ಅಂತ ಅವನು ಹೇಳಿದಾಗ ಹಬ್ ನೋಡಿದೆ. ಕೇಬಲ್ ಸಿಕ್ಕಿಸೋ ತೂತಿಗೆ ರಬ್ಬರ್ ತುಂಡು ತುರುಕಿ ಮುಚ್ಚಿದ್ದರು. ಆರ್‌ಸಿ ತೆಗೆಸಿದರೆ 2004. ಅವತ್ತಿಂದ ಯಾವ ಪಲ್ಸರ್ ಬಂದರೂ ಮೊದಲು ಬಗ್ಗಿ ಹಬ್ ನೋಡೋದು ಅಭ್ಯಾಸ ಆಗಿಬಿಟ್ಟಿದೆ.

ಚಕ್ರದಿಂದ ಚಕ್ರಕ್ಕೆ ಅಳತೆ ತೆಗೆದು ಹೇಳಬಹುದಲ್ಲ ಅಂತ ಕೆಲವರು ಕೇಳ್ತಾರೆ. ಮೊದಲ ಪಲ್ಸರಿನಲ್ಲಿ ಆ ಅಂತರ 1265 ಮಿಲಿಮೀಟರ್, ಡಿಟಿಎಸ್‌ಐ ಬಂದಮೇಲೆ 1320. ವ್ಯತ್ಯಾಸ 55 ಮಿಲಿಮೀಟರ್, ಅಂದರೆ ನೂರಕ್ಕೆ ನಾಲ್ಕರಷ್ಟು. ಮೊಬೈಲಿನಲ್ಲಿ ಹತ್ತಿರ ನಿಂತು ಒಂಚೂರು ಓರೆಯಾಗಿ ತೆಗೆದರೆ ಅದಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತೆ. ಫೋಟೋ ಮೇಲೆ ಸ್ಕೇಲ್ ಇಟ್ಟು ಅಳೆಯೋ ದಾರಿ ನನಗೆ ಸರಿಬರಲ್ಲ. 150 ಹೌದೋ 180 ಹೌದೋ ಅನ್ನೋದೂ ಇದೇ ಥರ. ಆ ಕಾಲದ ಎರಡು ಮಾಡೆಲ್ಲೂ ಪಕ್ಕದಿಂದ ನೋಡಿದರೆ ಒಂದೇ ಥರ ಕಾಣ್ತವೆ, ಸ್ಟಿಕ್ಕರಿಗೆ ಬೆಲೆ ಇಲ್ಲ. ಆರ್‌ಸಿಯಲ್ಲಿ ಸಿಸಿ 178 ಅಂತಿದ್ದರೆ 180, 150ರ ಒಳಗಿದ್ದರೆ 150.

ಮಾರೋರು ಸುಳ್ಳೇ ಹೇಳ್ತಿದ್ದಾರೆ ಅಂತ ಈಗಲೇ ಅಂದುಕೋಬೇಡಿ. ನಮ್ಮ ಕಡೆ ಎಷ್ಟೋ ಜನ ತಾವು ಗಾಡಿ ತಗೊಂಡ ವರ್ಷವನ್ನೇ ಮಾಡೆಲ್ ಅಂತಾರೆ. ಅವರು 2008ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಹೆಸರಿಗೆ ಮಾಡಿಸಿಕೊಂಡಿದ್ದರೆ ಅವರ ಲೆಕ್ಕಕ್ಕೆ ಅದು 2008ರದ್ದೇ. ಜಗಳ ಮಾಡದೆ ಆರ್‌ಸಿ ಫೋಟೋ ಕೇಳಿ. ಅದರಲ್ಲಿ ತಯಾರಾದ ತಿಂಗಳು ವರ್ಷ ಒಂದು ಕಡೆ, ಮೊದಲು ನೋಂದಣಿಯಾದ ದಿನ ಇನ್ನೊಂದು ಕಡೆ ಇರುತ್ತೆ. ನಿಮಗೆ ಬೇಕಿರೋದು ಈ ಎರಡು. ನಂಬರ್ ಕೊಟ್ಟರೆ mParivahan ಆ್ಯಪಿನಲ್ಲೂ ನೋಂದಣಿ ದಿನ ಮತ್ತು ಅದು ಎಲ್ಲಿಯವರೆಗೆ ಚಾಲ್ತಿ ಅನ್ನೋದು ಸಿಗುತ್ತೆ. ಇನ್ನೊಂದು ಮಾತು, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೆ ಮುಂಚೆ ಚಿಂತಾಮಣಿ ಕೋಲಾರ ಜಿಲ್ಲೆಗೇ ಸೇರಿತ್ತು. ಗಾಡಿಗೆ ಕೋಲಾರದ ಕೆಎ-07 ನಂಬರ್ ಇದ್ದರೆ ಆಶ್ಚರ್ಯ ಪಡಬೇಡಿ, ನನ್ನ ಅಂದಾಜಿಗೆ ಅದು ಇನ್ನಷ್ಟು ಬಲ ಕೊಡುತ್ತೆ ಅಷ್ಟೇ.

ಎರಡು ಮೂರು ವರ್ಷಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಬೇಕು, ದುಡ್ಡಿನ ಲೆಕ್ಕ ಅಲ್ಲೇ ಇದೆ. ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2006ರ ಮಾರ್ಚಿನಲ್ಲಿ ನೋಂದಣಿಯಾದ ಗಾಡಿ ಅಂದುಕೊಳ್ಳಿ. 2021ರ ಮಾರ್ಚಿಗೆ ಒಂದು ಸಲ, 2026ರ ಮಾರ್ಚಿಗೆ ಇನ್ನೊಂದು ಸಲ ನವೀಕರಣ ಆಗಬೇಕು. 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನ 2025ರ ಆಗಸ್ಟಿನಲ್ಲಿ 2,000 ರೂಪಾಯಿ ಮಾಡಿದ್ದಾರೆ, 15 ದಾಟಿದ್ದಕ್ಕೆ 1,000 ಇತ್ತು. ಅದಲ್ಲದೆ ಹಸಿರು ತೆರಿಗೆ ಬೇರೆ. ಇದಕ್ಕಿಂತ ದೊಡ್ಡ ಹೊಡೆತ ತಡ ಮಾಡಿದ್ದಕ್ಕೆ ಬೀಳೋದು: ನಿಯಮದ ಪ್ರಕಾರ ಬೈಕಿಗೆ ತಿಂಗಳಿಗೆ 300 ರೂಪಾಯಿ. ಮೂರು ವರ್ಷ ಸುಮ್ಮನೆ ನಿಲ್ಲಿಸಿದ್ದರೆ 10,800. ನವೀಕರಣ ಆಗಿಲ್ಲದಿದ್ದರೆ ಇದನ್ನೆಲ್ಲ ಅವರೇ ಕಟ್ಟಿ, ಎಫ್‌ಸಿ ಮಾಡಿಸಿ ಕೊಡಲಿ ಅಂತ ಹೇಳಿ, ಇಲ್ಲವೇ ಅಷ್ಟನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ.

ಹೋಗೋ ಮುಂಚೆ ಇನ್ನು ಮೂರು ಫೋಟೋ ತರಿಸಿಕೊಳ್ಳಿ: ಮುಂದಿನ ಹಬ್ ಹತ್ತಿರದಿಂದ, ಮೀಟರ್, ಮತ್ತೆ ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ಕೊರಳಲ್ಲಿ ಕೊರೆದಿರೋ ಚಾಸಿಸ್ ನಂಬರ್. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಸುಮ್ಮನೆ ಕಳಿಸಿದರೆ ಅಕ್ಷರ ಮಸುಕಾಗುತ್ತೆ. ಚಾಸಿಸ್ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಅಕ್ಷರಗಳ ಆಳ ಒಂದೇ ಸಮ ಇರಬೇಕು. ಸುತ್ತ ಗ್ರೈಂಡರ್ ಉಜ್ಜಿದ ಗೆರೆಯೋ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣವೋ ಕಂಡರೆ ಬೆಲೆ ಎಷ್ಟು ಇಳಿಸಿದರೂ ಮುಟ್ಟಬೇಡಿ. ಅದೆಲ್ಲ ಸರಿ ಇದ್ದು, ಆರ್‌ಸಿ 2005 ಅಥವಾ 2006 ಅಂದರೆ, 28 ಸಾವಿರ ಜಾಸ್ತಿ ಆಯ್ತು. ಎಂಜಿನ್ ಹೊಗೆ ಇಲ್ಲದೆ ಓಡ್ತಿದ್ದರೆ, ನವೀಕರಣ ಆಗಿದ್ದರೆ, 18ರಿಂದ ಮಾತು ಶುರು ಮಾಡಿ. ಆರ್‌ಸಿ ಕೈಗೆ ಬಂದಮೇಲೆ ತಯಾರಾದ ತಿಂಗಳು ಇಲ್ಲಿ ಬರೀರಿ, ನನ್ನ ಅಂದಾಜು ತಪ್ಪಿದ್ದರೆ ತಿದ್ದಿಕೊಳ್ತೀನಿ.