ಕಾಪಿರೈಟ್ ಮೇಲ್ ಜೊತೆ ಬಂದ ಝಿಪ್ ಫೈಲ್

"ಕುಂಬಳೆಯ ಯಕ್ಷಗಾನ ಆಟದ ವಿಡಿಯೊ ಹಾಕುವ ಚಾನೆಲ್ ನಮ್ಮದು. ಕಾಪಿರೈಟ್ ಸ್ಟ್ರೈಕ್ ಬಂದಿದೆ, ಸಾಕ್ಷಿ ಝಿಪ್‌ನಲ್ಲಿದೆ, ಪಾಸ್‌ವರ್ಡ್ 2024 ಅಂತ ಮೇಲ್ ಬಂತು. ತೆರೆಯಬಹುದಾ?"

ತೆರೆಯಬೇಡಿ ಅಣ್ಣ. ಮೊದಲು ಯೂಟ್ಯೂಬ್ ಸ್ಟುಡಿಯೊಗೆ ನೀವೇ ಹೋಗಿ ನೋಡಿ, ಮೇಲ್‌ನ ಲಿಂಕ್ ಒತ್ತಿ ಅಲ್ಲ. ನಿಜವಾದ ಸ್ಟ್ರೈಕ್ ಆದರೆ ಯಾವ ವಿಡಿಯೊ, ಯಾರ ದೂರು ಎಂಬುದೆಲ್ಲ ಅಲ್ಲೇ ಇರುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಮೇಲ್ ಸುಳ್ಳು. ಭಾಗವತರ ಪದಕ್ಕೆ ಯಾರಾದರೂ ತಕರಾರು ಎತ್ತಿದರೂ ಯೂಟ್ಯೂಬ್ ಝಿಪ್ ಕಳಿಸುವುದಿಲ್ಲ.

ಕಳಿಸಿದವರ ವಿಳಾಸ ಸರಿಯಿದೆ ಅಂತ ನಂಬಬೇಡಿ. 2023ರಲ್ಲಿ ವಿಡಿಯೊ ಹಂಚುವ ಸೌಲಭ್ಯವನ್ನೇ ಬಳಸಿ, ಅಸಲಿ `no-reply@youtube.com` ನಿಂದಲೇ ಕಳ್ಳರು ಮೇಲ್ ಬರಿಸಿದ್ದರು.

ಪಾಸ್‌ವರ್ಡ್ ಹಾಕಿದ್ದು ಗುಟ್ಟು ಕಾಯಲಿಕ್ಕಲ್ಲ. ಬೀಗ ಹಾಕಿದ ಝಿಪ್‌ನ ಒಳಗೆ ವೈರಸ್ ಸ್ಕ್ಯಾನರ್‌ಗೆ ಇಣುಕಲಿಕ್ಕೆ ಆಗುವುದಿಲ್ಲ, ಅದಕ್ಕೇ. ಒಳಗೆ `Notice.pdf.scr` ತರದ್ದು ಇರುತ್ತದೆ. ವಿಂಡೋಸ್ ಕೊನೆಯ `.scr` ಅನ್ನು ಮರೆಮಾಡುವುದರಿಂದ ನಿಮಗೆ ಬರೀ ಪಿಡಿಎಫ್ ಕಾಣುತ್ತದೆ, ಆದರೆ ಅದು ಪ್ರೋಗ್ರಾಮ್. ಕ್ಲಿಕ್ ಮಾಡಿದರೆ ಬ್ರೌಸರ್‌ನ ಲಾಗಿನ್ ಕುಕೀ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತನ್ನು, ಕದ್ದುಕೊಂಡು ಹೋಗುತ್ತದೆ. ಆಮೇಲೆ ಅವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಎರಡು ಹಂತದ ಭದ್ರತೆ ಇದ್ದವರ ಚಾನೆಲ್‌ಗಳೂ ಹೋದದ್ದು ಹೀಗೆಯೇ. "ಜಾಹೀರಾತಿನ ಒಪ್ಪಂದ ಓದಿ, ಸಹಿ ಹಾಕಿ" ಅಂತ ಬರುವ ಮೇಲ್‌ಗಳದ್ದೂ ಇದೇ ಆಟ, ವೇಷ ಮಾತ್ರ ಬೇರೆ.

ಮನೆಯಲ್ಲಿ ಯಾರಾದರೂ ಈಗಾಗಲೇ ಒತ್ತಿದ್ದರೆ ಆ ಕಂಪ್ಯೂಟರ್‌ನ ನೆಟ್ ತೆಗೆಯಿರಿ. ಬೇರೆ ಫೋನಿನಿಂದ ಗೂಗಲ್ ಖಾತೆಗೆ ಹೋಗಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ.